ಬಲದಿಂದ ಎಡಕ್ಕೆ: ಹುಡುಕುಮರದಲ್ಲಿ ಹಿರಿಮೊತ್ತ ತುಂಬುವ ಬಗೆ



ಕಂಪ್ಯೂಟರ್ ವಿಜ್ಞಾನದ ಬಗ್ಗೆ ಒಂದು ಗಂಟೆ ಮಾತಾಡಿ ಎಂದು ಕರೆದಾಗ ದೊಡ್ಡ ವಿಷಯವನ್ನೇ ಎತ್ತಿಕೊಳ್ಳುವುದು ರೂಢಿ. ನಾನು ಹದಿನೈದು ಸಾಲಿನೊಳಗೆ ಬರೆದು ಮುಗಿಸಬಹುದಾದ ಒಂದು ಸಣ್ಣ ಲೆಕ್ಕವನ್ನು ಆರಿಸಿಕೊಂಡಿದ್ದೇನೆ. ಕೆಲಸದ ಸಂದರ್ಶನಕ್ಕೆ ತಯಾರಾಗುತ್ತಿರುವವರಿಗೆ ಇದು ಲೀಟ್‌ಕೋಡ್‌ನ 538 ಮತ್ತು 1038ನೇ ಪ್ರಶ್ನೆಯಾಗಿ ಪರಿಚಿತ. ಉತ್ತರವನ್ನು ಬಾಯಿಪಾಠ ಮಾಡಿದವರು ಈ ಸಭೆಯಲ್ಲೂ ಇರಬಹುದು. ಆ ಉತ್ತರ ಯಾಕೆ ಸರಿ, ಎಲ್ಲಿ ಎಡವುತ್ತದೆ, ನಿಜವಾದ ಕೆಲಸದಲ್ಲಿ ಎಷ್ಟು ದೂರ ಬರುತ್ತದೆ ಎಂಬುದು ಇಂದಿನ ಮಾತು. ಸಭೆಯಲ್ಲಿ ಹಲಗೆಯ ಮೇಲೆ ಬರೆದ ಮರವನ್ನು ಅಚ್ಚಿಗಾಗಿ ಇಲ್ಲಿ ಅಕ್ಷರಗಳಲ್ಲೇ ಬಿಡಿಸಿದ್ದೇನೆ.

ಒಂದು ಸಹಕಾರ ಸಂಘ ಇದೆ ಅಂದುಕೊಳ್ಳೋಣ. ಎಂಟು ಜನ ಠೇವಣಿ ಇಟ್ಟಿದ್ದಾರೆ. ಮೊತ್ತಗಳು ಸಾವಿರ ರೂಪಾಯಿಗಳ ಲೆಕ್ಕದಲ್ಲಿ 45, 20, 70, 12, 33, 60, 85 ಮತ್ತು 38. ಬಂದ ಕ್ರಮದಲ್ಲೇ ಒಂದೊಂದನ್ನು ಹುಡುಕುಮರಕ್ಕೆ, ಅಂದರೆ ಬೈನರಿ ಸರ್ಚ್ ಟ್ರೀಗೆ ಸೇರಿಸುತ್ತೇವೆ. ಚಿಕ್ಕದಾದರೆ ಎಡಕ್ಕೆ, ದೊಡ್ಡದಾದರೆ ಬಲಕ್ಕೆ, ಖಾಲಿ ಜಾಗ ಸಿಕ್ಕುವ ತನಕ ಇಳಿಯುತ್ತಾ ಹೋಗುವುದು, ನಿಯಮ ಇಷ್ಟೇ.

```
          45
        /    \
      20      70
     /  \    /  \
   12    33 60   85
           \
            38
```

ಈಗ ಕೇಳುವ ಪ್ರಶ್ನೆ ಇದು. ಪ್ರತಿಯೊಂದು ನೋಡ್‌ನಲ್ಲಿ ಇರುವ ಸಂಖ್ಯೆಯನ್ನು ಅಳಿಸಿ, ಆ ಸಂಖ್ಯೆ ಮತ್ತು ಮರದಲ್ಲಿ ಅದಕ್ಕಿಂತ ದೊಡ್ಡದಾದ ಎಲ್ಲ ಸಂಖ್ಯೆಗಳನ್ನು ಕೂಡಿಸಿ ಬರುವ ಮೊತ್ತವನ್ನು ಅಲ್ಲಿ ಬರೆಯಬೇಕು. ಮರದ ಆಕಾರ ಬದಲಾಗಬಾರದು. ಸಂಘದ ಭಾಷೆಯಲ್ಲಿ ಹೇಳುವುದಾದರೆ, 33ರ ಜಾಗದಲ್ಲಿ ‘ಮೂವತ್ಮೂರು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಇಟ್ಟವರ ಒಟ್ಟು ಹಣ’ ಬರಬೇಕು. ಇದನ್ನು ನಾನು ಹಿರಿಮೊತ್ತ ಎಂದು ಕರೆಯುತ್ತೇನೆ.

ಮರವನ್ನು ನೋಡಿದ ತಕ್ಷಣ ಹುಡುಗರಿಗೆ ಹೊಳೆಯುವುದು ಒಂದೇ. ದೊಡ್ಡವು ಬಲಕ್ಕೆ ಇರುತ್ತವೆ ತಾನೆ? ಹಾಗಾದರೆ ಪ್ರತಿ ನೋಡ್‌ಗೂ ಅದರ ಬಲಗೊಂಬೆಯ ಮೊತ್ತವನ್ನು ಕೂಡಿಸಿದರೆ ಆಯಿತು. ಬೇರಿನಲ್ಲಿ ಇದು ಸರಿಯಾಗಿಯೇ ಬರುತ್ತದೆ: 45ಕ್ಕೆ 60, 70, 85 ಸೇರಿ 260. ಬೇರಿನಲ್ಲಿ ಸರಿ ಬಂದದ್ದರಿಂದಲೇ ಈ ತಪ್ಪು ಬಹಳ ಹೊತ್ತು ಸಿಕ್ಕಿಬೀಳುವುದಿಲ್ಲ. 33ಕ್ಕೆ ಬನ್ನಿ. ಅದರ ಬಲಗೊಂಬೆಯಲ್ಲಿ ಇರುವುದು 38 ಒಂದೇ, ಕೂಡಿದರೆ 71. ಆದರೆ ಮರದಲ್ಲಿ 33ಕ್ಕಿಂತ ದೊಡ್ಡವು ಇನ್ನೂ ನಾಲ್ಕಿವೆ: 45, 60, 70, 85. ಅವು 33ರ ಕೆಳಗಿಲ್ಲ, ಮೇಲೆ ಮತ್ತು ಆಚೆ ಬದಿಯಲ್ಲಿವೆ. ನಿಜವಾದ ಉತ್ತರ 331, ತಪ್ಪಿಹೋದದ್ದು 260.

ಒಂದು ನೋಡ್ ತನ್ನ ಪೂರ್ವಜನೊಬ್ಬನ ಎಡಗೊಂಬೆಯಲ್ಲಿ ಇದ್ದರೆ ಆ ಪೂರ್ವಜನೂ ದೊಡ್ಡವನು, ಅವನ ಬಲಗೊಂಬೆ ಪೂರ್ತಿಯೂ ದೊಡ್ಡದು. ನೋಡ್‌ಗೆ ತನ್ನ ಮಕ್ಕಳತ್ತ ಕೈಚಾಚುವ ದಾರಿ ಇದೆ. ಮೇಲಕ್ಕೆ ಹೋಗುವ ದಾರಿಯನ್ನು ಸಾಮಾನ್ಯವಾಗಿ ನಾವು ಇಟ್ಟಿರುವುದಿಲ್ಲ. ಹಾಗಾಗಿ ನೋಡ್‌ನ ಜಾಗದಲ್ಲಿ ನಿಂತು ಸುತ್ತ ನೋಡಿದರೆ ಈ ಲೆಕ್ಕ ಬಿಡಿಸಲು ಬರುವುದಿಲ್ಲ. ಪ್ರತಿ ನೋಡ್‌ಗೂ ಇಡೀ ಮರವನ್ನು ಮತ್ತೆ ಮತ್ತೆ ಸುತ್ತಿ ದೊಡ್ಡದನ್ನೆಲ್ಲ ಕೂಡಿಸಬಹುದು. ಉತ್ತರ ಸರಿ ಬರುತ್ತದೆ. ಎಂಟು ನೋಡ್‌ಗೆ ಅರವತ್ನಾಲ್ಕು ಭೇಟಿ, ಒಂದು ಲಕ್ಷ ನೋಡ್‌ಗೆ ಸಾವಿರ ಕೋಟಿ ಭೇಟಿ.

ಮರವನ್ನು ಸ್ವಲ್ಪ ಹೊತ್ತು ಮರೆಯೋಣ. ಇದೇ ಎಂಟು ಸಂಖ್ಯೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಒಂದು ಸಾಲಿನಲ್ಲಿ ಬರೆದರೆ 85, 70, 60, 45, 38, 33, 20, 12. ಈಗ ಪ್ರತಿಯೊಂದಕ್ಕೂ ಬೇಕಾದ ಉತ್ತರ ತನ್ನ ತನಕದ ಮೊತ್ತ ಮಾತ್ರ. ಖಾತೆ ಪುಸ್ತಕದಲ್ಲಿ ಹಿಂದಿನ ಪುಟದಿಂದ ತಂದ ಮೊತ್ತವನ್ನು ಮೇಲೆ ಬರೆದುಕೊಂಡು ಮುಂದುವರಿಯುತ್ತಾರಲ್ಲ, ಹಾಗೆ ಒಂದೇ ಸಂಖ್ಯೆ ಕೈಯಲ್ಲಿ ಇದ್ದರೆ ಸಾಕು. 85, ಅದಕ್ಕೆ 70 ಸೇರಿ 155, 60 ಸೇರಿ 215, ಆಮೇಲೆ 260, 298, 331, 351, ಕೊನೆಗೆ 363. ದೊಡ್ಡವು ಎಷ್ಟಿವೆ, ಎಲ್ಲೆಲ್ಲಿವೆ ಎಂದು ಯಾರೂ ಕೇಳಬೇಕಾಗಿಲ್ಲ. ಅವೆಲ್ಲ ಮೊದಲೇ ಬಂದುಹೋಗಿವೆ, ಅವುಗಳ ಲೆಕ್ಕ ಕೈಯಲ್ಲಿದೆ.

ಹಾಗಾದರೆ ಉಳಿದ ಕೆಲಸ ಮರದ ನೋಡ್‌ಗಳನ್ನು ಇಳಿಕೆಯ ಕ್ರಮದಲ್ಲಿ ಭೇಟಿ ಮಾಡುವುದು. ಎಡಗೊಂಬೆ, ಆಮೇಲೆ ತಾನು, ಆಮೇಲೆ ಬಲಗೊಂಬೆ ಎಂದು ನಡೆದರೆ ಹುಡುಕುಮರ ಏರಿಕೆಯ ಕ್ರಮದಲ್ಲಿ ಬಿಚ್ಚಿಕೊಳ್ಳುತ್ತದೆ; ಇದೇ ಇನ್‌ಆರ್ಡರ್ ನಡಿಗೆ. ಅದನ್ನು ತಿರುಗಿಸಿ ಬಲ, ತಾನು, ಎಡ ಎಂದು ನಡೆದರೆ ಇಳಿಕೆಯ ಕ್ರಮ.

```python
def visit(node, total):
    if node is None:
        return total
    total = visit(node.right, total)
    total += node.val
    node.val = total
    return visit(node.left, total)
```

`visit(root, 0)` ಎಂದು ಶುರು ಮಾಡಬೇಕು. ಪ್ರತಿ ನೋಡ್‌ಗೆ ಒಂದೇ ಭೇಟಿ. ಬರೆದ ಮೇಲೆ ನಮ್ಮ ಮರ ಹೀಗಾಗುತ್ತದೆ:

```
          260
        /     \
     351       155
     /  \      /  \
  363   331  215   85
          \
          298
```

ಇಲ್ಲಿ ಒಂದು ಅನುಮಾನ ಏಳಬೇಕು, ಏಳದಿದ್ದರೆ ಎಬ್ಬಿಸುತ್ತೇನೆ. ನಡೆಯುತ್ತಾ ನಡೆಯುತ್ತಾ ನಾವು ಸಂಖ್ಯೆಗಳನ್ನು ಅಳಿಸುತ್ತಿದ್ದೇವೆ. 45ರ ಜಾಗದಲ್ಲಿ 260 ಬಂದಾಗ ಎಡಕ್ಕೆ ಇನ್ನೂ 20 ಇದೆ, ಬಲಕ್ಕೆ 155 ಇದೆ. ಬೇರಿಗಿಂತ ಬಲದ್ದು ಚಿಕ್ಕದು, ಎಡದ್ದೂ ಚಿಕ್ಕದು. ಇದು ಹುಡುಕುಮರವೇ ಅಲ್ಲ. ಮಧ್ಯದಲ್ಲಿ ಮರ ಕೆಟ್ಟಿರುವಾಗ ನಡಿಗೆ ಹೇಗೆ ಸರಿಯಾಗಿ ಸಾಗುತ್ತದೆ? ಸಾಗುವುದಕ್ಕೆ ಕಾರಣ, ನಡಿಗೆ ಎಲ್ಲಿಯೂ ಸಂಖ್ಯೆಗಳನ್ನು ಹೋಲಿಸುವುದಿಲ್ಲ. ಬಲ ಇದೆಯೆ, ಎಡ ಇದೆಯೆ ಎಂದು ಆಕಾರವನ್ನಷ್ಟೇ ನೋಡುತ್ತದೆ. ಕ್ರಮದ ತಿಳಿವಳಿಕೆ ಠೇವಣಿಗಳನ್ನು ಸೇರಿಸುವಾಗಲೇ ಆಕಾರದಲ್ಲಿ ಕುಳಿತುಬಿಟ್ಟಿದೆ. ಪ್ರತಿ ಸಂಖ್ಯೆಯನ್ನು ನಾವು ಓದುವುದು ಒಂದೇ ಸಲ, ಅಳಿಸುವುದಕ್ಕಿಂತ ಒಂದು ಸಾಲು ಮೊದಲು. ಆದ್ದರಿಂದ ಬೇರೆ ಮರ ಕಟ್ಟದೆ ಅದೇ ಜಾಗದಲ್ಲಿ ಬರೆಯುವುದು ಸುರಕ್ಷಿತ. ಆದರೆ ಇದೇ ಹೊತ್ತಿಗೆ ಇನ್ನೊಂದು ಪ್ರೋಗ್ರಾಂ ಅದೇ ಮರದಲ್ಲಿ 38 ಎಲ್ಲಿದೆ ಎಂದು ಹುಡುಕುತ್ತಿದ್ದರೆ ಅದಕ್ಕೆ ದಾರಿ ತಪ್ಪುತ್ತದೆ.

ತರಗತಿಯಲ್ಲಿ ಪದೇಪದೇ ಕಾಣುವ ಇನ್ನೊಂದು ದೋಷವನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಅದರೊಳಗೆ ಒಂದು ಸೊಗಸು ಇದೆ. ಮೇಲಿನ ಕೋಡ್‌ನಲ್ಲಿ ಮೊತ್ತ ಹಿಂದಿರುಗಿ ಬರುತ್ತದೆ. ಅದನ್ನು ಮರೆತು, ಮೊತ್ತವನ್ನು ಕೆಳಕ್ಕೆ ಕಳಿಸಿ ವಾಪಸು ಪಡೆಯದೆ ಬಿಟ್ಟರೆ ಏನಾಗುತ್ತದೆ? ಸಿ ಭಾಷೆಯಲ್ಲಿ ಪಾಯಿಂಟರ್ ಬದಲು ಬರಿಯ ಸಂಖ್ಯೆ ಕಳಿಸಿದರೂ ಇದೇ ಗತಿ. 85ರಲ್ಲಿ 85 ಬರುತ್ತದೆ, ಸರಿ. ಆದರೆ 70ಕ್ಕೆ ಹಿಂದಿರುಗಿದಾಗ ಕೈಯಲ್ಲಿ ಸೊನ್ನೆಯೇ ಇದೆ, ಹಾಗಾಗಿ ಅಲ್ಲಿ 70 ಉಳಿಯುತ್ತದೆ. 60ಕ್ಕೆ 130. ಬೇರು 45 ಆಗಿಯೇ ಉಳಿಯುತ್ತದೆ. 20ಕ್ಕೆ 65, 33ಕ್ಕೆ 78, 38ಕ್ಕೆ 83, 12ಕ್ಕೆ 77.

ಇವು ಗೊತ್ತುಗುರಿ ಇಲ್ಲದ ಸಂಖ್ಯೆಗಳಲ್ಲ. 12ರ 77 ಎಂದರೆ 12, 20, 45. ಅದರ ದೊಡ್ಡ ಪೂರ್ವಜರೆಲ್ಲ ಸೇರಿದ್ದಾರೆ, ಅವರ ಬಲಗೊಂಬೆಗಳು ಮಾತ್ರ ಬಿಟ್ಟುಹೋಗಿವೆ. ಮೊದಲು ಹೇಳಿದ ತಪ್ಪಿನಲ್ಲಿ ತನ್ನ ಬಲಗೊಂಬೆ ಸಿಕ್ಕಿತ್ತು, ಪೂರ್ವಜರು ಬಿಟ್ಟಿದ್ದರು. ಈ ತಪ್ಪಿನಲ್ಲಿ ಪೂರ್ವಜರು ಸಿಕ್ಕಿದ್ದಾರೆ, ಬಲಗೊಂಬೆಗಳು ಬಿಟ್ಟಿವೆ. ಸರಿಯಾದ ಕೋಡ್‌ನಲ್ಲಿ ಮೊತ್ತ ಕೆಳಕ್ಕೂ ಹೋಗುತ್ತದೆ, ಮೇಲಕ್ಕೂ ಬರುತ್ತದೆ. ಕೆಳಕ್ಕೆ ಹೋಗುವಾಗ ಪೂರ್ವಜರ ಲೆಕ್ಕ ತರುತ್ತದೆ, ಮೇಲಕ್ಕೆ ಬರುವಾಗ ಬಲಗೊಂಬೆಯ ಲೆಕ್ಕ ತರುತ್ತದೆ. ಯಾವ ದಿಕ್ಕನ್ನು ಕಳೆದುಕೊಂಡಿದ್ದೀರಿ ಎಂದು ತಪ್ಪು ಉತ್ತರವೇ ಹೇಳಿಬಿಡುತ್ತದೆ. ಬೇರು ಬದಲಾಗದೆ ಉಳಿದಿದ್ದರೆ ಮೇಲಕ್ಕೆ ಬರುವುದು ನಿಂತಿದೆ. ಬೇರು ಸರಿಯಿದ್ದು ಎಡಭಾಗ ಕಡಿಮೆ ಬಂದಿದ್ದರೆ ಕೆಳಕ್ಕೆ ಹೋಗುವುದು ನಿಂತಿದೆ.

ಇದರಿಂದ ಪರೀಕ್ಷೆಗೂ ಒಂದು ಸುಲಭದ ಉಪಾಯ ಸಿಗುತ್ತದೆ. ಮರದ ಬಲತುದಿಯಲ್ಲಿರುವ ಅತಿ ದೊಡ್ಡ ಸಂಖ್ಯೆ ಬದಲಾಗಿರಬಾರದು. ಎಡತುದಿಯ ಅತಿ ಚಿಕ್ಕದರ ಜಾಗದಲ್ಲಿ ಇಡೀ ಮರದ ಮೊತ್ತ ಇರಬೇಕು. ನಮ್ಮಲ್ಲಿ 85 ಮತ್ತು 363. ಮೇಲಿನ ಎರಡು ತಪ್ಪುಗಳೂ ಎಡತುದಿಯಲ್ಲಿ ಸಿಕ್ಕಿಬೀಳುತ್ತವೆ. ಮೊತ್ತವನ್ನು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟು, ಎರಡನೇ ಮರಕ್ಕೆ ಹೋಗುವಾಗ ಸೊನ್ನೆ ಮಾಡಲು ಮರೆತ ತಪ್ಪು ಬಲತುದಿಯಲ್ಲೇ ಸಿಗುತ್ತದೆ: 85 ಇರಬೇಕಾದಲ್ಲಿ 448 ಕಂಡರೆ ಹಿಂದಿನ ಮರದ 363 ಕೈಯಲ್ಲೇ ಉಳಿದಿದೆ ಎಂದರ್ಥ.

ಕೆಲವರು ‘ತನ್ನನ್ನು ಬಿಟ್ಟು, ತನಗಿಂತ ದೊಡ್ಡವು ಮಾತ್ರ’ ಎಂದು ಕೇಳುತ್ತಾರೆ. ಆಗ ಮೊದಲು ಬರೆದು ಆಮೇಲೆ ಕೂಡಿಸಬೇಕು, ಹಳೆಯ ಸಂಖ್ಯೆಯನ್ನು ಪಕ್ಕಕ್ಕೆ ಇಟ್ಟುಕೊಂಡು. 85ರ ಜಾಗದಲ್ಲಿ ಸೊನ್ನೆ, 12ರ ಜಾಗದಲ್ಲಿ 351 ಬರುತ್ತದೆ. ಒಂದೇ ಮೊತ್ತದ ಠೇವಣಿ ಎರಡು ಇದ್ದರೆ ಮಾತ್ರ ಎಚ್ಚರ ಬೇಕು. ಎರಡು 60 ಇದ್ದು, ಎರಡನೆಯದನ್ನು ಭೇಟಿ ಮಾಡುವಾಗ ಮೊದಲನೆಯದು ಆಗಲೇ ಮೊತ್ತಕ್ಕೆ ಸೇರಿರುತ್ತದೆ; ತನಗಿಂತ ದೊಡ್ಡದಲ್ಲದ್ದನ್ನು ದೊಡ್ಡದೆಂದು ಎಣಿಸಿದಂತಾಯಿತು. ಸಂದರ್ಶನದ ಪ್ರಶ್ನೆಗಳಲ್ಲಿ ‘ಎಲ್ಲ ಸಂಖ್ಯೆಗಳೂ ಬೇರೆಬೇರೆ’ ಎಂಬ ಷರತ್ತು ಹಾಕಿ ಈ ತೊಡಕನ್ನು ತಪ್ಪಿಸಿರುತ್ತಾರೆ. ಠೇವಣಿಗಳು ಆ ಷರತ್ತನ್ನು ಪಾಲಿಸುವುದಿಲ್ಲ.

ಇನ್ನು ಆಳದ ವಿಚಾರ. ಹುಡುಕುಮರದ ಕಲ್ಪನೆಯನ್ನು 1960ರ ಸುಮಾರಿಗೆ ವಿಂಡ್ಲಿ, ಬೂತ್ ಮತ್ತು ಕಾಲಿನ್, ಹಿಬ್ಬಾರ್ಡ್ ಇವರು ಒಬ್ಬರಿಂದೊಬ್ಬರು ಸ್ವತಂತ್ರವಾಗಿ ಪ್ರಕಟಿಸಿದರು. ಸಂಖ್ಯೆಗಳು ಯಾದೃಚ್ಛಿಕವಾಗಿ ಬಂದರೆ ಲಕ್ಷ ನೋಡ್‌ನ ಮರದಲ್ಲೂ ಸರಾಸರಿ ಇಪ್ಪತ್ತರ ಆಸುಪಾಸಿನ ಹೋಲಿಕೆಗಳಲ್ಲಿ ಹುಡುಕಾಟ ಮುಗಿಯುತ್ತದೆ. ಆದರೆ ಸಂಘದ ಗುಮಾಸ್ತರು ಠೇವಣಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಕೊಟ್ಟರೆ ಮರ ಬಲಕ್ಕೆ ಬಾಗಿದ ಒಂದೇ ಸರಪಳಿಯಾಗುತ್ತದೆ. ಆಗ `visit` ತನ್ನನ್ನು ತಾನೇ ಕರೆಯುತ್ತಾ ನೋಡ್‌ಗಳ ಸಂಖ್ಯೆಯಷ್ಟೇ ಆಳಕ್ಕೆ ಇಳಿಯುತ್ತದೆ. ಪೈಥಾನ್ ತಾನಾಗಿ ಇಟ್ಟುಕೊಂಡಿರುವ ಮಿತಿ 1000. ಅದನ್ನು ದಾಟಿದರೆ `RecursionError`. ಬಲಸರಪಳಿಯಲ್ಲಿ ಅದು ಒಂದು ಸಂಖ್ಯೆಯನ್ನೂ ಬರೆಯುವ ಮೊದಲೇ ಬರುತ್ತದೆ, ಮರಕ್ಕೆ ಹಾನಿ ಇಲ್ಲ. ಎಡಸರಪಳಿಯಲ್ಲಿ ಹಾಗಲ್ಲ: ಬರೆಯುತ್ತಲೇ ಇಳಿಯುವುದರಿಂದ, ನಿಲ್ಲುವಷ್ಟರಲ್ಲಿ ಮೇಲಿನ ಸಾವಿರದಷ್ಟು ನೋಡ್‌ಗಳು ಬದಲಾಗಿ ಉಳಿದವು ಹಾಗೆಯೇ ಇರುತ್ತವೆ. ಅರ್ಧ ಬದಲಾದ ಮರವನ್ನು ನೋಡಿ ಗುರುತಿಸುವುದು ಕಷ್ಟ.

ಕರೆಗಳ ಬದಲು ನಾವೇ ಒಂದು ಸ್ಟಾಕ್ ಇಟ್ಟುಕೊಂಡರೆ ಈ ಮಿತಿ ತಪ್ಪುತ್ತದೆ.

```python
def convert(root):
    total, stack, node = 0, [], root
    while stack or node:
        while node:
            stack.append(node)
            node = node.right
        node = stack.pop()
        total += node.val
        node.val = total
        node = node.left
    return root
```

ನಮ್ಮ ಮರದಲ್ಲಿ ಮೊದಲು 45, 70, 85 ಸ್ಟಾಕ್‌ಗೆ ಹೋಗುತ್ತವೆ. 85 ಹೊರಬರುತ್ತದೆ, 70 ಹೊರಬರುತ್ತದೆ, ಅದರ ಎಡದ 60 ಒಳಹೋಗಿ ಹೊರಬರುತ್ತದೆ, ಆಮೇಲೆ 45. ಯಾವ ಹೊತ್ತಿನಲ್ಲೂ ಮೂರಕ್ಕಿಂತ ಹೆಚ್ಚು ನೋಡ್ ಸ್ಟಾಕ್‌ನಲ್ಲಿ ಇರುವುದಿಲ್ಲ. ಬಲಸರಪಳಿಯಾದರೆ ಎಲ್ಲವೂ ಒಮ್ಮೆಗೇ ಸ್ಟಾಕ್ ಸೇರುತ್ತವೆ. ಎಡಸರಪಳಿಯಾದರೆ ಒಂದೇ ಒಂದು ಇರುತ್ತದೆ.

ಸ್ಟಾಕ್ ಕೂಡ ಬೇಡ ಎನ್ನುವವರಿಗೆ ಜೋಸೆಫ್ ಮಾರಿಸ್ 1979ರಲ್ಲಿ ಪ್ರಕಟಿಸಿದ ಉಪಾಯ ಇದೆ. ಅದನ್ನು ನಮ್ಮ ದಿಕ್ಕಿಗೆ ತಿರುಗಿಸಿ ಹೇಳುತ್ತೇನೆ. 45ರಿಂದ ಬಲಕ್ಕೆ ಇಳಿಯುವ ಮೊದಲು, ಆ ಬಲಗೊಂಬೆಯ ಎಡತುದಿ ಯಾವುದೆಂದು ನೋಡಿ: 60. ಅದರ ಎಡ ಖಾಲಿ. ಆ ಖಾಲಿ ಜಾಗದಿಂದ 45ಕ್ಕೆ ಒಂದು ದಾರ ಕಟ್ಟಿ 70ಕ್ಕೆ ಇಳಿಯಿರಿ. ಅದೇ ರೀತಿ 85ರಿಂದ 70ಕ್ಕೆ ಒಂದು ದಾರ. 85ಕ್ಕೆ ಬಲ ಇಲ್ಲ, ಅದನ್ನು ಬರೆದು ಎಡಕ್ಕೆ ಹೋದರೆ ದಾರ ಹಿಡಿದು 70ಕ್ಕೆ ಬರುತ್ತೀರಿ. ಮತ್ತೆ ನೋಡಿದಾಗ 85ರ ಎಡ 70ನ್ನೇ ತೋರಿಸುತ್ತಿದೆ, ಅಂದರೆ ಬಲಗೊಂಬೆ ಮುಗಿದಿದೆ. ದಾರ ಬಿಚ್ಚಿ, 155 ಬರೆದು, ಎಡದ 60ಕ್ಕೆ ಹೋಗಿ. ಅಲ್ಲಿ 215 ಬರೆದು ಎಡಕ್ಕೆ ಹೋದರೆ ನೇರ 45. ಎಷ್ಟೇ ದೊಡ್ಡ ಮರವಾದರೂ ಬೇಕಾಗುವ ಹೆಚ್ಚುವರಿ ಜಾಗ ಎರಡು ಮೂರು ವೇರಿಯಬಲ್‌ಗಳು ಮಾತ್ರ.

ದಾರವನ್ನು ಗುರುತಿಸುವಾಗ ನೋಡ್‌ನ ವಿಳಾಸವನ್ನು ಹೋಲಿಸಬೇಕು, ಒಳಗಿನ ಸಂಖ್ಯೆಯನ್ನಲ್ಲ. ಸಂಖ್ಯೆಗಳು ದಾರಿಯುದ್ದಕ್ಕೂ ಬದಲಾಗುತ್ತಿವೆ, ಎರಡು ಬೇರೆ ನೋಡ್‌ಗಳಲ್ಲಿ ಒಂದೇ ಸಂಖ್ಯೆ ಬಂದುಬಿಡಬಹುದು. ಮಧ್ಯದಲ್ಲಿ ಪ್ರೋಗ್ರಾಂ ನಿಂತರಂತೂ ದಾರಗಳು ಹಾಗೇ ಉಳಿದು ಮರದಲ್ಲಿ ಸುತ್ತು ಬೀಳುತ್ತದೆ. ಮುಂದಿನ ಸಲ ಅದನ್ನು ನಡೆಯಲು ಹೋದವರು ಹೊರಬರುವುದೇ ಇಲ್ಲ. ಜಾಗಕ್ಕೆ ನಿಜವಾದ ಬರ ಇಲ್ಲದಿದ್ದರೆ ನಾನು ಸ್ಟಾಕ್ ಇರುವ ಕೋಡನ್ನೇ ಬರೆಯುತ್ತೇನೆ.

ಸಂಖ್ಯೆಯ ಗಾತ್ರದ ಬಗ್ಗೆ ಒಂದು ಮಾತು. ಮೊತ್ತವನ್ನು ಚಿಹ್ನೆ ಸಹಿತ 32 ಬಿಟ್‌ಗಳಲ್ಲಿ ಇಟ್ಟರೆ ಗರಿಷ್ಠ 2147483647. ಒಂದರಿಂದ 65535ರ ತನಕದ ಸಂಖ್ಯೆಗಳ ಮೊತ್ತ 2147450880, ಹಿಡಿಸುತ್ತದೆ. ಇನ್ನೊಂದು ನೋಡ್, 65536, ಸೇರಿತೆಂದರೆ ಮಿತಿ ದಾಟಿತು. ಮೂಲ ಸಂಖ್ಯೆಗಳು ಚಿಕ್ಕವೇ ಆಗಿದ್ದರೂ ಹಿರಿಮೊತ್ತಕ್ಕೆ 64 ಬಿಟ್ ಕೊಡಬೇಕು. ಜಾವಾದಲ್ಲಿ ಇದು ಯಾವ ದೂರೂ ಇಲ್ಲದೆ ಋಣ ಸಂಖ್ಯೆಯಾಗಿಬಿಡುತ್ತದೆ. ಪೈಥಾನ್‌ನಲ್ಲಿ ಈ ತೊಂದರೆ ಇಲ್ಲ.

ಇಷ್ಟೆಲ್ಲ ಮಾಡಿ ಬಂದ ಮರದಿಂದ ಏನು ಉಪಯೋಗ? ಎರಡು ಹಿರಿಮೊತ್ತಗಳನ್ನು ಕಳೆದರೆ ಮಧ್ಯದ ಮೊತ್ತ ಸಿಗುತ್ತದೆ. 33ರಿಂದ 60ರ ತನಕ ಇಟ್ಟವರ ಒಟ್ಟು ಎಷ್ಟು? 33ರ 331ರಿಂದ, 60ರ ನಂತರದ 70ರ 155 ಕಳೆಯಿರಿ: 176. 33, 38, 45, 60 ಕೂಡಿಸಿ ನೋಡಿ, ಸರಿ ಇದೆ. ಆದರೆ 33 ಎಲ್ಲಿದೆ ಎಂದು ಈಗ ಹುಡುಕುವುದು ಹೇಗೆ? ಅದನ್ನು ಅಳಿಸಿಬಿಟ್ಟಿದ್ದೇವೆ. ಎಲ್ಲ ಸಂಖ್ಯೆಗಳೂ ಧನವಾಗಿದ್ದರೆ ಹೊಸ ಮರ ತಿರುಗಿದ ಹುಡುಕುಮರವಾಗಿರುತ್ತದೆ, ದೊಡ್ಡದು ಎಡಕ್ಕೆ, ಚಿಕ್ಕದು ಬಲಕ್ಕೆ. ಋಣ ಸಂಖ್ಯೆ ಇದ್ದರೆ ಅದೂ ಇಲ್ಲ: -3, -1, 2, 5 ಇದ್ದ ಮರದಲ್ಲಿ ಹಿರಿಮೊತ್ತಗಳು 3, 6, 7, 5 ಆಗುತ್ತವೆ, ಯಾವ ಕ್ರಮವೂ ಉಳಿಯುವುದಿಲ್ಲ. ಕಳೆದ ಸಂಖ್ಯೆಗಳನ್ನು ಮರಳಿ ಪಡೆಯಬಹುದು ನಿಜ. ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆದು ಪ್ರತಿ ಮೊತ್ತದಿಂದ ಹಿಂದಿನ ಮೊತ್ತ ಕಳೆದರೆ 85, 155ರಿಂದ 70, 215ರಿಂದ 60 ಎಂದು ಎಲ್ಲವೂ ಬರುತ್ತವೆ. ಒಂದು ಹುಡುಕಾಟಕ್ಕಾಗಿ ಇಡೀ ಮರ ನಡೆಯುವುದಂತೂ ಬುದ್ಧಿವಂತಿಕೆಯಲ್ಲ. ಅಳಿಸಿ ಬರೆಯಿರಿ ಎಂಬುದು ಪರೀಕ್ಷೆ ಕೊಡುವವರ ಷರತ್ತು. ಕೆಲಸಕ್ಕೆ ಬರೆಯುವವರು ಮೂಲ ಸಂಖ್ಯೆಯನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಹಿರಿಮೊತ್ತಕ್ಕೆ ಇನ್ನೊಂದು ಜಾಗ ಇಟ್ಟುಕೊಳ್ಳುವುದು ಒಳ್ಳೆಯದು.

ಮಾತು ಮುಗಿಸಿದಾಗ ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ, “ಸರ್, ಹೊಸ ಠೇವಣಿ ಬಂದರೆ ಮತ್ತೆ ಮೊದಲಿಂದ ನಡೆಯಬೇಕಾ?” ಎಂದು ಕೇಳಿದರು. ಆಗ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. 65 ಸಾವಿರದ ಹೊಸ ಠೇವಣಿ ಬಂತು ಅಂದುಕೊಳ್ಳಿ. ಅದು 60ರ ಬಲಕ್ಕೆ ಹೋಗಿ ಕೂರುತ್ತದೆ, ಅದರ ಹಿರಿಮೊತ್ತ 220. ಅದಕ್ಕಿಂತ ಚಿಕ್ಕದಾದ ಆರು ನೋಡ್‌ಗಳೂ, 60, 45, 38, 33, 20, 12, ತಲಾ 65 ಏರಬೇಕು. 70 ಮತ್ತು 85 ಮಾತ್ರ ಹಾಗೇ ಉಳಿಯುತ್ತವೆ. ಲಕ್ಷ ನೋಡ್‌ನ ಮರದಲ್ಲಿ ದೊಡ್ಡ ಠೇವಣಿಯೊಂದು ಬಂದರೆ ಹೆಚ್ಚುಕಡಿಮೆ ಲಕ್ಷ ತಿದ್ದುಪಡಿ. ದಿನಕ್ಕೊಮ್ಮೆ ಲೆಕ್ಕ ಮುಚ್ಚಿ, ಮರುದಿನವಿಡೀ ಓದುವುದಷ್ಟೇ ಕೆಲಸವಾದರೆ ಹಿರಿಮೊತ್ತದ ಮರ ಸರಿ. ಆದರೆ ಆಗ ಇಳಿಕೆಯ ಕ್ರಮದ ಒಂದು ಸಾಲೂ ಅಷ್ಟೇ ಕೆಲಸ ಮಾಡುತ್ತದೆ. ಹಗಲೆಲ್ಲ ಠೇವಣಿ ಬರುತ್ತಿದ್ದರೆ ಪ್ರತಿ ನೋಡ್‌ನಲ್ಲಿ ಹಿರಿಮೊತ್ತದ ಬದಲು ತನ್ನ ಮತ್ತು ತನ್ನ ಎರಡೂ ಕೊಂಬೆಗಳ ಮೊತ್ತವನ್ನು ಇಟ್ಟುಕೊಳ್ಳಬೇಕು. 65 ಬಂದಾಗ ತಿದ್ದಬೇಕಾದದ್ದು ಅದು ಇಳಿದ ದಾರಿಯ 45, 70, 60 ಈ ಮೂರನ್ನು ಮಾತ್ರ. 33ರ ಹಿರಿಮೊತ್ತ ಬೇಕಾದರೆ ಬೇರಿನಿಂದ 33ರ ಕಡೆಗೆ ಇಳಿಯಿರಿ. ಎಡಕ್ಕೆ ತಿರುಗಿದಾಗಲೆಲ್ಲ ಆ ನೋಡ್ ಮತ್ತು ಅದರ ಬಲಗೊಂಬೆಯ ಮೊತ್ತವನ್ನು ಕೂಡಿಸಿಕೊಳ್ಳಿ, ಬಲಕ್ಕೆ ತಿರುಗಿದಾಗ ಏನೂ ಬೇಡ. 45ರಲ್ಲಿ ಎಡಕ್ಕೆ, ಸೇರುವುದು 45 ಮತ್ತು 280. 20ರಲ್ಲಿ ಬಲಕ್ಕೆ. ಕೊನೆಗೆ 33 ಮತ್ತು ಅದರ ಬಲದ 38. ಒಟ್ಟು 396, ಹಳೆಯ 331ಕ್ಕೆ ಹೊಸ 65 ಸೇರಿದಷ್ಟೇ.